ವಿಶಾಲವಾದ ಸುಳ್ಳು ಬಾಡಿಗೆಗೆ ಇದೆ

12ನೇ ಕ್ಲಾಸಲ್ಲಿ 75 ಪರ್ಸೆಂಟ್ ಬಂದಿದೆ ಅಂತ ಬೆಂಗಳೂರಲ್ಲಿ ಒಬ್ಬ ಹುಡುಗನಿಗೆ ಮನೆ ಕೊಡಲಿಲ್ಲವಲ್ಲ, 2023ರಲ್ಲಿ, ನೆನಪಿರಬೇಕು. ಓನರ್‌ಗೆ 90 ಬೇಕಿತ್ತಂತೆ. ಎಲ್ಲರೂ ನಕ್ಕರು. ನನಗೆ ಆ ಓನರ್ ಮೇಲೆ ಗೌರವವೇ ಬಂತು. ಪಾಪ, ಅವರಾದರೂ ಬೇಕಾದ್ದನ್ನು ನೇರವಾಗಿ ಕೇಳಿದರು. ನನಗಿದ್ದದ್ದು ಒಂದೇ ಅನುಮಾನ. ಬಾಡಿಗೆದಾರನ ಮಾರ್ಕ್ಸ್ ಕಾರ್ಡ್ ಆಯ್ತು, ಮನೆಯ ಮಾರ್ಕ್ಸ್ ಕಾರ್ಡ್ ಎಲ್ಲಿ?

ಅದನ್ನು ನೋಡುವ ಯೋಗ ಕಳೆದ ತಿಂಗಳು ಬಂತು. ನಮ್ಮ ಬೀದಿಯ ಮನೆ ಮಾಲೀಕರೊಬ್ಬರು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. "ಸಾರ್, ನೀವು ಏನೇನೋ ಬರೀತಿರ್ತೀರಲ್ಲ, ನಮ್ಮ ಮೊದಲನೇ ಮಹಡಿಗೆ ನಾಲ್ಕು ಸಾಲು ಚೆನ್ನಾಗಿ ಬರೆದುಕೊಡಿ. ಈಗಿನ ಜನ ಸೀರಿಯಸ್ಸೇ ಇಲ್ಲ. ಮೂರು ವಾರದಲ್ಲಿ 43 ಫೋನ್, 17 ಜನ ಬಂದು ನೋಡಿದರು, ಒಬ್ಬರೂ ತಗೊಳ್ಳಲಿಲ್ಲ."

ಅವರ ಜಾಹೀರಾತು ಹೀಗಿತ್ತು: "ವಿಶಾಲವಾದ 12 ಚದರದ 2 ಬಿಎಚ್‌ಕೆ. ಒಳ್ಳೆ ಗಾಳಿ ಬೆಳಕು. ಸೆಮಿ ಫರ್ನಿಶ್ಡ್. 24 ಗಂಟೆ ನೀರು. ಮೆಟ್ರೋಗೆ ವಾಕಿಂಗ್ ಡಿಸ್ಟೆನ್ಸ್. ಡೀಸೆಂಟ್ ಫ್ಯಾಮಿಲಿಗೆ ಮಾತ್ರ."

ಚದರ ಅಂದರೆ ನೂರು ಚದರಡಿ, ಗೊತ್ತಲ್ಲ. ನಾನು ಟೇಪು ತರಿಸಿದೆ. ಹಾಲು 14ಕ್ಕೆ 11. ಒಂದು ರೂಮು 11ಕ್ಕೆ 10, ಇನ್ನೊಂದು 10ಕ್ಕೆ 9. ಅಡುಗೆಮನೆ 9ಕ್ಕೆ 8. ಎರಡು ಬಾತ್‌ರೂಮು, ಓಣಿಯಂಥ ಪ್ಯಾಸೇಜು, ಬಟ್ಟೆ ಒಗೆಯುವ ಯುಟಿಲಿಟಿ ಎಲ್ಲ ಕೂಡಿಸಿದರೂ 532 ಚದರಡಿ. ಐದು ಚದರ, ಚಿಲ್ಲರೆ. ಉಳಿದ ಏಳು ಚದರ ಎಲ್ಲಿ ಹೋಯಿತು? ಮಾಲೀಕರು ಒಂಚೂರೂ ಅಳುಕದೆ ಹೇಳಿದರು: "ಸೈಟು 30-40 ಅಲ್ವಾ ಸಾರ್, 12 ಚದರ ಆಯ್ತಲ್ಲ." ಅಂದರೆ ಸುತ್ತ ಬಿಟ್ಟ ಜಾಗ, ಮೆಟ್ಟಿಲು, ಹಿಂದೆ ಬೇರೆಯವರಿಗೆ ಕೊಟ್ಟಿರುವ ಸಿಂಗಲ್ ರೂಮು, ಎಲ್ಲವೂ ಈ 2 ಬಿಎಚ್‌ಕೆಯ ಲೆಕ್ಕಕ್ಕೇ ಸೇರಿವೆ. ಪುಣ್ಯಕ್ಕೆ ಎದುರಿಗಿನ ರಸ್ತೆ ಸೇರಿಸಿರಲಿಲ್ಲ.

ಸೆಮಿ ಫರ್ನಿಶ್ಡ್ ಅಂದರೆ ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು. ಗೀಸರ್ ಹಾಕುವ ಜಾಗದಲ್ಲಿ ಗೀಸರಿನ ಮೊಳೆ. ವಾಕಿಂಗ್ ಡಿಸ್ಟೆನ್ಸ್ ಅಂದರೆ ಎರಡು ಕಿಲೋಮೀಟರ್. ಅವರು ಯಾವತ್ತಾದರೂ ನಡೆದಿದ್ದಾರಾ ಅಂತ ಕೇಳಿದೆ. ಅವರಿಗೆ ಮಂಡಿ ನೋವಂತೆ.

ಫೋಟೋ ಬಗ್ಗೆ ಒಂದು ಮಾತು. ಮಟಮಟ ಮಧ್ಯಾಹ್ನ ತೆಗೆದ ಫೋಟೋದಲ್ಲಿ ಎಲ್ಲ ಲೈಟೂ ಉರಿಯುತ್ತಿದ್ದರೆ ಆ ಮನೆಗೆ ಬೆಳಕಿಲ್ಲ ಅಂತಲೇ ಅನುಮಾನಪಡಿ. ಗೋಡೆಯ ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಒಳಗೆ ತೇವ ಹತ್ತಿರಬಹುದು, ಮಳೆಗಾಲದಲ್ಲಿ ಹೋಗಿ ಮುಟ್ಟಿ ನೋಡಿ. ನಲ್ಲಿಯ ಬುಡದಲ್ಲಿ ಬಿಳಿ ಬಿಳಿ ಕಟ್ಟಿದ್ದರೆ ಬೋರ್ ನೀರು ಗಡಸು. ನಮ್ಮ ಮಾಲೀಕರ ಮನೆಯ ನಲ್ಲಿಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಪ್ರತಿ ಭಾನುವಾರ ಜನ ಬರುವ ಮೊದಲು ಅವರ ಮನೆಯವರು ನಿಂಬೆಹೋಳು ಹಾಕಿ ಉಜ್ಜುತ್ತಾರೆ.

ನೀರಿಗೆ ಬರೋಣ. 24 ಗಂಟೆ ಅಂತ ಬರೆದಿದ್ದಾರೆ. ಕಾವೇರಿ ನೀರು ದಿನ ಬಿಟ್ಟು ದಿನ, ಎರಡು ಗಂಟೆ, ಸಂಪಿಗೆ. ಸಂಪು 6,000 ಲೀಟರ್, ಅದಕ್ಕೆ ಮೂರು ಮನೆ. ಮೋಟರ್ ಸ್ವಿಚ್ಚು ಇರುವುದು ಮಾಲೀಕರ ಪೂಜಾ ಕೋಣೆಯ ಪಕ್ಕದಲ್ಲಿ. ಬೆಳಿಗ್ಗೆ 6ಕ್ಕೊಂದು ಸಲ, ಸಂಜೆ 7ಕ್ಕೊಂದು ಸಲ ಹಾಕುತ್ತಾರೆ. ಅವರು ಊರಿಗೆ ಹೋದರೆ ಸ್ವಿಚ್ಚೂ ಊರಿಗೆ ಹೋದ ಹಾಗೆ. ಇನ್ನು ಮಾರ್ಚ್, ಏಪ್ರಿಲ್‌ನಲ್ಲಿ ಬೋರ್ ಕೈಕೊಟ್ಟರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಈ ಊರು ಬಕೆಟ್ ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಆ ಟ್ಯಾಂಕರ್ ದುಡ್ಡು ಯಾರು ಕೊಡಬೇಕು? "ಎಲ್ಲರೂ ಹಂಚಿಕೊಳ್ಳೋದು ಸಾರ್, ಅದನ್ನೆಲ್ಲ ಬರೆಯೋಕಾಗುತ್ತಾ?" ಆಗುತ್ತೆ ಸ್ವಾಮಿ. ಒಂದೇ ಸಾಲು.

ಇಷ್ಟು ಹೊತ್ತು ನಗುತ್ತಲೇ ಇದ್ದೆ. "ಡೀಸೆಂಟ್ ಫ್ಯಾಮಿಲಿ" ಅಂದರೆ ಯಾರು ಅಂತ ಕೇಳಿದಾಗ ನಗು ನಿಂತಿತು. ಅವರು ದನಿ ತಗ್ಗಿಸಿದರು. "ಫೋನ್ ಮಾಡಿದಾಗ ಹೆಸರು, ಊರು ಕೇಳ್ತೀನಿ. ಆಮೇಲೆ ಮೆಲ್ಲಗೆ, ನೀವು ಯಾವ ಜನ ಅಂತ." 43 ಫೋನಿನಲ್ಲಿ 26 ಅಲ್ಲಿಗೇ ಮುಗಿದಿವೆ. ಅವರನ್ನು "ಸೀರಿಯಸ್ ಇಲ್ಲದವರು" ಅಂತ ಲೆಕ್ಕಕ್ಕೆ ಹಾಕಿಕೊಂಡಿದ್ದಾರೆ. ಹಾಗಾದರೆ ಜಾಹೀರಾತಿನಲ್ಲೇ ಬರೆಯಿರಿ, ಇಂಥ ಜಾತಿಯವರಿಗೆ ಕೊಡಲ್ಲ ಅಂತ, ನಿಮ್ಮ ಹೆಸರನ್ನೂ ಕೆಳಗೆ ಹಾಕಿ ಅಂದೆ. "ಛೆ ಛೆ, ಹಾಗೆಲ್ಲ ಬರೆದರೆ ಚೆನ್ನಾಗಿರಲ್ಲ." ಬರೆದರೆ ಚೆನ್ನಾಗಿರಲ್ಲ, ಕೇಳಿದರೆ ಚೆನ್ನಾಗಿರುತ್ತೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲಿ ಮನೆ ಹುಡುಕುವವನು ದಿನಕ್ಕೆ ಎಷ್ಟು ಸಲ ಆ ಪ್ರಶ್ನೆಗೆ ಉತ್ತರ ಕೊಡಬೇಕು? ಸಾಕಾಗಿದೆ. ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಇಲ್ಲ.

ಅಡ್ವಾನ್ಸ್ ವಿಷಯಕ್ಕೆ ನಾನು ಜಾಸ್ತಿ ಹೋಗಲಿಲ್ಲ. ಬಾಡಿಗೆ 19,000, ಅಡ್ವಾನ್ಸ್ 10 ತಿಂಗಳದ್ದು, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿಯುವುದು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತಿದೆ. ಆದರೆ ಅದು ಮಾದರಿ. ರಾಜ್ಯ ಒಪ್ಪಿಕೊಂಡು ತನ್ನ ಕಾನೂನು ಮಾಡಿದರಷ್ಟೇ ಜಾರಿ. ಮಾದರಿ ಶಾಲೆ, ಮಾದರಿ ಗ್ರಾಮ ಇದ್ದ ಹಾಗೆ. ಅರ್ಧ ಗಂಟೆ ಚೌಕಾಸಿ ಮಾಡಿ ಐದಕ್ಕೆ ಇಳಿಸಿದೆ.

ಹೊರಡುವಾಗ ಅಡುಗೆಮನೆ ಕಿಟಕಿ ತೆಗೆದೆ. ಪಕ್ಕದ ಖಾಲಿ ಸೈಟಿನಲ್ಲಿ ದೊಡ್ಡ ಹಲಸಿನ ಮರ. ಕೈಗೆ ಎಟುಕುವಷ್ಟು ಹತ್ತಿರ. ತಣ್ಣಗೆ ಗಾಳಿ ಬಂತು. ಇದನ್ನು ಯಾಕೆ ಹಾಕಿಲ್ಲ ಅಂದರೆ, "ಅದೇನು ಸಾರ್, ಮರ" ಅಂದರು. ಇಲ್ಲದ್ದನ್ನೆಲ್ಲ ಬರೆಯುವ ಭರದಲ್ಲಿ ಇದ್ದದ್ದು ಬಿಟ್ಟುಹೋಗಿತ್ತು.

ಕೊನೆಗೆ ಹೀಗೆ ಬರೆದುಕೊಟ್ಟೆ:

"ಮೊದಲನೇ ಮಹಡಿ, 22 ಮೆಟ್ಟಿಲು, ಲಿಫ್ಟ್ ಇಲ್ಲ. ಒಳಗೆ ಅಳೆದರೆ 532 ಚದರಡಿ. ಇಬ್ಬರು ಮೂವರಿಗೆ ಸರಿ, ಐದು ಜನಕ್ಕೆ ಇಕ್ಕಟ್ಟು. ಹಾಲಿಗೆ ಬೆಳಗಿನ ಬಿಸಿಲು ಬರುತ್ತದೆ, ಹಿಂದಿನ ರೂಮಿಗೆ ಹಗಲಲ್ಲೂ ಲೈಟ್ ಬೇಕು. ಅಡುಗೆಮನೆ ಕಿಟಕಿಗೆ ಹಲಸಿನ ಮರ. ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದದ್ದು ಗಡಸು ಬೋರ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಮೂರು ಮನೆಗೆ ಸಮಪಾಲು. ಒಂದು ಸ್ಕೂಟರ್‌ಗೆ ಜಾಗ ಇದೆ, ಕಾರಿಗೆ ಇಲ್ಲ. ಮೆಟ್ರೋ ಎರಡು ಕಿ.ಮೀ. ಬಾಡಿಗೆ 19,000, ಅಡ್ವಾನ್ಸ್ 95,000, ಪೇಂಟಿಂಗ್‌ಗೆ ಅಂತ ಮುರಿಯುವುದಿಲ್ಲ. ಯಾರು ಬೇಕಾದರೂ ಕೇಳಬಹುದು."

ಕೊನೆಯ ಸಾಲಿಗೆ ಎರಡು ದಿನ ಜಗಳ ಆಯಿತು. ಖಾಲಿ ಮನೆಯ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಒಂಬತ್ತು ಫೋನ್ ಬಂದವು. ಕಾರಿರುವವರು, ದೊಡ್ಡ ಸಂಸಾರದವರು ಯಾರೂ ಮಾಡಲೇ ಇಲ್ಲ. ಒಬ್ಬರು "ಇಷ್ಟೊಂದು ನಿಜ ಹೇಳಿದ್ದೀರಿ, ಮನೇಲಿ ದೆವ್ವಗಿವ್ವ ಇದೆಯಾ ಸಾರ್?" ಅಂತ ಕೇಳಿದರಂತೆ. ಮೂರು ಜನ ಬಂದು ನೋಡಿದರು. ಎರಡನೆಯವರು, ಒಬ್ಬರು ನರ್ಸು ಮತ್ತವರ ತಾಯಿ, ಕಿಟಕಿ ಹತ್ತಿರ ಐದು ನಿಮಿಷ ನಿಂತು ಟೋಕನ್ ಕೊಟ್ಟರು.

ಅಗ್ರಿಮೆಂಟ್ ಮಾಡಿಸಲು ನಾನೂ ಹೋಗಿದ್ದೆ. ಟೈಪಿಸ್ಟ್ ಎರಡು ಹೆಸರು, ವಿಳಾಸ, ಮೊತ್ತ ಬದಲಾಯಿಸಿ ಎರಡೇ ನಿಮಿಷದಲ್ಲಿ ಪ್ರಿಂಟ್ ಕೊಟ್ಟ. 11 ತಿಂಗಳು, ಎಲ್ಲ ಸರಿ. ಒಂಬತ್ತನೇ ಕಲಮಿನಲ್ಲಿ ಇತ್ತು: ಮನೆ ಬಿಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು. ಇದನ್ನು ತೆಗೆಯಪ್ಪ ಅಂದೆ.

"ಅದು ಎಲ್ಲರದ್ದರಲ್ಲೂ ಇರುತ್ತೆ ಸಾರ್" ಅಂದ. ಮಾಲೀಕರು ಫ್ಯಾನ್ ನೋಡುತ್ತಿದ್ದರು.