ಫೋಟೋದ ಅಜ್ಜನಿಗೆ ಹೊಸ ಹಲ್ಲು

ಈಗ ಸತ್ತವರಿಗೂ ಪುರುಸೊತ್ತಿಲ್ಲ. ಪುಣ್ಯತಿಥಿ ಬಂತು ಅಂದರೆ ಫ್ಯಾಮಿಲಿ ಗ್ರೂಪಿಗೆ ಬಂದು ನಗಬೇಕು, ಕೈ ಬೀಸಬೇಕು, ಕತ್ತು ತಿರುಗಿಸಬೇಕು. ಎಲ್ಲ ಐದು ಸೆಕೆಂಡಿನಲ್ಲಿ. ಹಳೆಯ ಫೋಟೋ ಕೊಟ್ಟರೆ ಎಐ ಯಂತ್ರ ಅದನ್ನು ವಿಡಿಯೋ ಮಾಡಿಬಿಡುತ್ತದಲ್ಲ!

2021ರಲ್ಲಿ ಮೈಹೆರಿಟೇಜ್‌ನವರ ‘ಡೀಪ್ ನಾಸ್ಟಾಲ್ಜಿಯಾ’ ಎಂಬ ಫೋಟೋ ಅಲ್ಲಾಡಿಸುವ ಟೂಲ್ ಬಂದಾಗ ಮುಖ ಮಾತ್ರ ಅಲ್ಲಾಡುತ್ತಿತ್ತು. ಅದೂ ಮೊದಲೇ ಮಾಡಿಟ್ಟ ಅಭಿನಯ. ಈಗ ಹಾಗಲ್ಲ, ಅಜ್ಜ ಏನು ಮಾಡಬೇಕು ಅಂತ ಪ್ರಾಂಪ್ಟ್ ಬರೆದು ಕೊಡಬಹುದು. ಬರೆಯುವವರೋ ಮದುವೆ ವಿಡಿಯೋದಲ್ಲಿ ಪಳಗಿದ ಮಹಾನ್ ನಿರ್ದೇಶಕರು. ‘ಸಿನಿಮ್ಯಾಟಿಕ್’ ಇಲ್ಲದೆ ಅವರ ಕೈ ಓಡುವುದಿಲ್ಲ. ಕ್ಯಾಮೆರಾ ಅಜ್ಜನ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಫೋಟೋದಲ್ಲಿ ಇರುವುದು ಒಂದೇ ಕಿವಿ. ಇನ್ನೊಂದನ್ನು, ಹಿಂದಿನ ಗೋಡೆಯನ್ನು, ಎಲ್ಲವನ್ನೂ ಯಂತ್ರವೇ ಊಹಿಸಿ ಕಟ್ಟಬೇಕು. ಕತ್ತು ತಿರುಗಿದಷ್ಟೂ ಅಜ್ಜ ಪಕ್ಕದ ಮನೆಯವರಾಗುತ್ತಾರೆ.

1840ರ ದಶಕದಲ್ಲಿ ಫೋಟೋ ತೆಗೆಸಿಕೊಳ್ಳುವವರ ತಲೆಯ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇಡುತ್ತಿದ್ದರಂತೆ. ಎಕ್ಸ್‌ಪೋಷರ್ ಮುಗಿಯುವವರೆಗೆ ಅಲ್ಲಾಡಿದರೆ ಮುಖ ಮಸುಕಾಗುತ್ತಿತ್ತು. ಉಸಿರು ಬಿಗಿಹಿಡಿದು ಕೂತ ಆ ಜನರನ್ನೂ ಈಗ ಯಾರೂ ಬಿಟ್ಟಿಲ್ಲ. ಅವರೂ ಕಣ್ಣು ಹೊಡೆಯಬೇಕು.

ನನಗೆ ತಡೆಯಲಾಗದ್ದು ಹಲ್ಲು. ಬೊಚ್ಚು ಬಾಯಿಯ ಅಜ್ಜ, ತುಟಿ ಮುಚ್ಚಿ ತೆಗೆಸಿದ ಫೋಟೋ. ‘ನಗಲಿ’ ಅಂತ ಬರೆದ ತಕ್ಷಣ ಸಾಲಾಗಿ ಬಿಳಿ ಹಲ್ಲು! ಬಾಯೊಳಗೆ ಏನಿತ್ತು ಅಂತ ಫೋಟೋ ಹೇಳುವುದಿಲ್ಲ. ಯಂತ್ರ ತಾನು ಕಲಿತ ಲಕ್ಷಾಂತರ ಬಾಯಿಗಳಿಂದ ಒಂದು ಸೆಟ್ ಜೋಡಿಸುತ್ತದೆ. ಬದುಕಿದ್ದಾಗ ಅವರು ಹಲ್ಲಿನ ಸೆಟ್ ಕೇಳಿದ್ದರೆ, ‘ಈ ವಯಸ್ಸಿಗೆ ಯಾಕಪ್ಪಾ’ ಅಂದಿರುತ್ತೀರಿ. ಈಗ ಹಾಕಿಸಿ ಸ್ಟೇಟಸ್ಸಿಗೆ ಇಡುತ್ತೀರಿ. ಥೂ, ಸಾಕು. ಆ ನಗು ಅವರದ್ದಲ್ಲ, ಯಾರದ್ದೂ ಅಲ್ಲ.

ಅಲ್ಲಾಡಿಸಲೇಬೇಕಾ? ಹಾಗಾದರೆ ಕಡಿಮೆ ಕೇಳಿ. ಫೋಟೋದಲ್ಲಿ ಕಾಣುವ ಪೇಟ, ಕುರ್ಚಿ ವರ್ಣಿಸಬೇಡಿ, ಅದು ಯಂತ್ರಕ್ಕೂ ಕಾಣುತ್ತದೆ. ಚಲನೆ ಮಾತ್ರ ಬರೆಯಿರಿ. ಕ್ಯಾಮೆರಾ ಬಗ್ಗೆ ಸುಮ್ನೆ ಇದ್ದರೆ ಅದು ಎಷ್ಟೋ ಸಲ ತಾನಾಗಿ ಮುಖದತ್ತ ಜಾರುತ್ತದೆ, ಹಾಗಾಗಿ ಅದನ್ನು ಮೊದಲು ಕಟ್ಟಿಹಾಕಿ:

```
Static camera, locked tripod. He blinks once.
Chest rises gently with breath. Lips stay closed.
```

‘ನಗಬಾರದು’ ಅಂತ ಬರೆಯಬೇಡಿ. ಎಷ್ಟೋ ಟೂಲ್‌ಗಳಿಗೆ ‘ಬಾರದು’ ತಿಳಿಯುವುದಿಲ್ಲ, ನಗು ಮಾತ್ರ ತಿಳಿಯುತ್ತದೆ. ತುಟಿ ಮುಚ್ಚಿರಲಿ ಅಂದರೆ ಆಯಿತು. ಕ್ಯಾಮೆರಾ ಚಲಿಸಲೇಬೇಕು ಅಂದರೆ ನಿಧಾನವಾಗಿ ನೇರ ಮುಂದಕ್ಕೆ ಬರಲಿ, ಪಕ್ಕಕ್ಕೆ ಬೇಡ. ಮುಗಿದ ಮೇಲೆ ಕೊನೆಯ ಫ್ರೇಮ್ ನಿಲ್ಲಿಸಿ, ಮೂಲ ಫೋಟೋ ಪಕ್ಕಕ್ಕಿಡಿ. ಕನ್ನಡಕದ ಅಂಚು ಕೆನ್ನೆಗೆ ಕರಗಿದೆಯಾ? ಶಲ್ಯದ ಜರಿ ಹುಳುವಿನಂತೆ ಹರಿದಾಡುತ್ತಿದೆಯಾ? ಹಣೆಯ ವಿಭೂತಿ ಮೂರು ಗೆರೆಯೇ ಇದೆಯಾ? ಇಲ್ಲದಿದ್ದರೆ ಎಸೆಯಿರಿ.

ಇಷ್ಟೆಲ್ಲ ಮಾಡಿ ಸ್ಟುಡಿಯೋದವನು ಅಜ್ಜ ಅಜ್ಜನಂತೆಯೇ ಕಾಣುವ ಕ್ಲಿಪ್ ಕೊಟ್ಟರೆ ಮೊಮ್ಮಗ ಏನಂತಾನೆ ಗೊತ್ತಾ? ‘ಏನ್ರೀ, ದುಡ್ಡು ತಗೊಂಡು ಫೋಟೋನೇ ವಾಪಸ್ ಕೊಟ್ಟಿದ್ದೀರಲ್ಲ!’