ಮೊದಲು ನಮ್ಮವರು, ಆದರೆ ಎಲ್ಲಿಯವರೆಗೆ?

"ನಮ್ಮ ದೇಶದವರಿಗೆ ಜಾಸ್ತಿ ಮಾಡಬೇಕು ಅನ್ನೋದು ಸ್ವಾರ್ಥ ಅಲ್ವಾ?"

ಸ್ವಾರ್ಥ ಅಂತ ನನಗೆ ಅನಿಸುವುದಿಲ್ಲ. ಒಂದೇ ಕಾನೂನಿನ ಕೆಳಗೆ ಬದುಕಿ, ಒಂದೇ ಖಜಾನೆಗೆ ತೆರಿಗೆ ಕಟ್ಟುವವರ ನಡುವೆ ಒಂದು ಹೊಣೆ ಹುಟ್ಟುತ್ತದೆ. ಸರ್ಕಾರ ಅವರನ್ನು ಮೊದಲು ನೋಡಿಕೊಳ್ಳುವುದು ನ್ಯಾಯವೇ.

ಆದರೆ 2021ರ ಆಗಸ್ಟ್ ನೆನಪಿಸಿಕೊಳ್ಳಿ. ಕೆಲವು ಶ್ರೀಮಂತ ದೇಶಗಳು ಕೋವಿಡ್ ಲಸಿಕೆಯ ಮೂರನೇ ಡೋಸ್‌ಗೆ ಕೈಹಾಕಿದ್ದವು. ಬಡ ದೇಶಗಳ ಎಷ್ಟೋ ನರ್ಸ್‌ಗಳಿಗೆ ಮೊದಲನೆಯದೇ ಸಿಕ್ಕಿರಲಿಲ್ಲ. ಬೂಸ್ಟರ್ ಸ್ವಲ್ಪ ದಿನ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೇಳಿಕೊಂಡಿತು. ಆ ದೇಶಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ದೇಶದ ಒಬ್ಬ ಅಜ್ಜಿಗೂ ಬೇರೆ ದೇಶದ ಒಬ್ಬ ಅಜ್ಜಿಗೂ ಮೊದಲ ಡೋಸ್ ಬೇಕಿದ್ದರೆ ನಮ್ಮ ಅಜ್ಜಿಗೆ ಮೊದಲು ಸಿಗಲಿ, ಒಪ್ಪುತ್ತೇನೆ. ಅಗತ್ಯ ಇಬ್ಬರಿಗೂ ಒಂದೇ. ಆದರೆ ನಮ್ಮ ಗಟ್ಟಿಮುಟ್ಟಾದ ಯುವಕನ ಮೂರನೇ ಡೋಸ್‌ಗಾಗಿ ಬೇರೆ ದೇಶದ ನರ್ಸ್ ತನ್ನ ಮೊದಲನೆಯದಕ್ಕೆ ಕಾಯಬೇಕು ಅಂದರೆ, ಅದನ್ನು ದೇಶಪ್ರೇಮ ಅನ್ನಲು ನನಗೆ ಮನಸ್ಸು ಬರುವುದಿಲ್ಲ.