ಮೂರು ಆದ ಮೇಲೆ ಐದು ಬಂದರೆ ಅಲ್ಲೇ ನಿಲ್ಲಿ

ಪರೀಕ್ಷೆಯ ದಿನಗಳು ಹತ್ತಿರ ಬಂದಿವೆ. ಧಾರವಾಡದ ಡಿಟಿಪಿ ಅಂಗಡಿಗಳಲ್ಲಿ ಈಗ ಲಗ್ನಪತ್ರಿಕೆಗಿಂತ ಪ್ರಶ್ನೆಪತ್ರಿಕೆಗಳೇ ಹೆಚ್ಚು. ಪ್ರಶ್ನೆಪತ್ರಿಕೆ ಹೊಂದಿಸುವ ನನ್ನ ವೃತ್ತಿಬಾಂಧವರಿಗೂ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಶಿಕ್ಷಕರಿಗೂ ಒಂದು ವಿಷಯವನ್ನು ಬಿಡಿಸಿ ಹೇಳಬೇಕು ಎನಿಸಿ ಇದನ್ನು ಬರೆಯುತ್ತಿದ್ದೇನೆ. ಕಾಪಿ ಮಾಡಿ ಅಂಟಿಸಿದ ಪಠ್ಯದಲ್ಲಿ 3ನೇ ಪ್ರಶ್ನೆಯ ಕೆಳಗೆ ನೇರವಾಗಿ 5ನೇ ಪ್ರಶ್ನೆ ಕಂಡರೆ, ದಯವಿಟ್ಟು ಆ 5ನ್ನು 4 ಎಂದು ತಿದ್ದಬೇಡಿ.

ಎಷ್ಟೋ ಮಂದಿ ಇದನ್ನು ಟೈಪಿಂಗ್ ತಪ್ಪು ಎಂದೇ ತಿಳಿಯುತ್ತಾರೆ. ಸಂಖ್ಯೆ ಜಿಗಿದಿದೆ, ಸರಿಮಾಡಿದರೆ ಮುಗಿಯಿತು ಎಂದು ಕೆಳಗಿನ ಸಂಖ್ಯೆಗಳನ್ನೆಲ್ಲ ಒಂದೊಂದು ಇಳಿಸಿಬಿಡುತ್ತಾರೆ. ಪತ್ರಿಕೆ ನೋಡಲು ಅಚ್ಚುಕಟ್ಟಾಗುತ್ತದೆ ನಿಜ. ಆದರೆ ಅಲ್ಲೊಂದು ಪ್ರಶ್ನೆ ಬಿದ್ದುಹೋಗಿತ್ತು ಎಂದು ಹೇಳಲು ಉಳಿದಿದ್ದ ಒಂದೇ ಸಾಕ್ಷಿಯನ್ನು ನಾವೇ ಅಳಿಸಿರುತ್ತೇವೆ. ಆಮೇಲೆ ಅದನ್ನು ಎಷ್ಟು ಸಲ ಓದಿದರೂ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಅದು ಗೊತ್ತಾಗುವುದು ಪರೀಕ್ಷಾ ಕೊಠಡಿಯಲ್ಲಿ, ಮಕ್ಕಳ ಕೈಗೆ ಪತ್ರಿಕೆ ಹೋದ ಮೇಲೆ.

ನಮ್ಮ ಅಂಗಡಿಗೆ ಬಂದ ಒಂದು ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಹಾವೇರಿ ಕಡೆಯ ಪ್ರೌಢಶಾಲೆಯೊಂದರ ಶಿಕ್ಷಕಿ ಒಂಬತ್ತನೇ ತರಗತಿಯ ವಿಜ್ಞಾನದ ಕಿರು ಪರೀಕ್ಷೆಗೆಂದು ಕಳಿಸಿದ್ದರು. ಒಟ್ಟು 25 ಅಂಕ. ಫೋನಿನಿಂದ ಪಠ್ಯವನ್ನು ಕಾಪಿ ಮಾಡಿ ಕಂಪ್ಯೂಟರಿನಲ್ಲಿ ಅಂಟಿಸಿದಾಗ ಮೇಲೆ ಒಂದು ಶೀರ್ಷಿಕೆ ಇತ್ತು: ‘I. ಸರಿಯಾದ ಉತ್ತರವನ್ನು ಆರಿಸಿ ಬರೆಯಿರಿ, 4×1=4’. ಅದರ ಕೆಳಗೆ 1, 2, 3, ನಂತರ 5, 6, 7, 8. ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಆಗಲೇ 5ನ್ನು ಅಳಿಸಲು ಕೈ ಹಾಕಿದ್ದ. “ತಡೆಯಪ್ಪಾ, ಮೊದಲು ಐದನೆಯದನ್ನು ಓದು” ಎಂದೆ.

ಅವನು ಓದಿದ. ಒಂದನೆಯ, ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ತಲಾ ನಾಲ್ಕು ಆಯ್ಕೆಗಳಿದ್ದವು. ಐದನೆಯದಕ್ಕೆ ಒಂದೂ ಇರಲಿಲ್ಲ. ‘ಪ್ರಸರಣ ಎಂದರೇನು?’ ಎಂದಷ್ಟೇ ಇತ್ತು. ಆರು, ಏಳು, ಎಂಟಕ್ಕೂ ಆಯ್ಕೆಗಳಿಲ್ಲ. ‘ಸರಿಯಾದ ಉತ್ತರವನ್ನು ಆರಿಸಿ’ ಎಂಬ ಶೀರ್ಷಿಕೆಯ ಕೆಳಗೆ, ಆರಿಸಲು ಏನೂ ಇಲ್ಲದ ನಾಲ್ಕು ಪ್ರಶ್ನೆಗಳು! ಶೀರ್ಷಿಕೆ ನಾಲ್ಕೇ ಪ್ರಶ್ನೆ ಎನ್ನುತ್ತಿದೆ, ಕೆಳಗಿರುವುದು ಏಳು. ಇನ್ನೂ ಕೆಳಗೆ ಹೋದರೆ 9ನೇ ಪ್ರಶ್ನೆಯ ಮೇಲೆ ‘III. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ, 4×2=8’ ಎಂದಿದೆ. ಅದರ ನಂತರ 13ರಿಂದ 15ರವರೆಗೆ ‘IV, 3×3=9’. ಹಾಗಾದರೆ II ಎಲ್ಲಿ?

ಅಂಕಗಳನ್ನು ಕೂಡಿಸಿದೆವು. ನಾಲ್ಕು, ಎಂಟು, ಒಂಬತ್ತು ಸೇರಿ 21. ಪತ್ರಿಕೆಯ ನೆತ್ತಿಯ ಮೇಲೆ 25 ಎಂದಿದೆ. ಕಾಣೆಯಾದದ್ದು ಒಂದು ಅಂಕದ ಒಂದೇ ಪ್ರಶ್ನೆ, ಆದರೆ ಲೆಕ್ಕದಲ್ಲಿ ನಾಲ್ಕು ಅಂಕ ಕಡಿಮೆ. ಇದರ ಅರ್ಥವಿಷ್ಟು: 4ನೇ ಪ್ರಶ್ನೆಯ ಜೊತೆಗೆ ಅದರ ಕೆಳಗಿದ್ದ ‘II. ಒಂದು ವಾಕ್ಯದಲ್ಲಿ ಉತ್ತರಿಸಿ, 4×1=4’ ಎಂಬ ಶೀರ್ಷಿಕೆಯೂ ಹೋಗಿದೆ. ಶೀರ್ಷಿಕೆ ಹೋದದ್ದರಿಂದಲೇ 5ರಿಂದ 8ರವರೆಗಿನ ಪ್ರಶ್ನೆಗಳು ತಮ್ಮದಲ್ಲದ ಮನೆಯಲ್ಲಿ ಕುಳಿತಿವೆ.

ಶಿಕ್ಷಕಿಗೆ ಫೋನ್ ಮಾಡಿ, “ಮೇಡಂ, ಮೂರರ ನಂತರ ಐದಿದೆ, ರೋಮನ್ ಎರಡರ ಶೀರ್ಷಿಕೆಯೂ ಇಲ್ಲ. ನಡುವೆ ಏನಾದರೂ ಬೇರೆಯಾಗಿ ಕಳಿಸಿದ್ದಿರಾ?” ಎಂದು ಕೇಳಿದೆ. “ಹೌದು ಸರ್, ಚಿತ್ರವಿದ್ದುದರಿಂದ ಅಷ್ಟು ಭಾಗವನ್ನು ಫೋಟೊ ತೆಗೆದು ಹಾಕಿದ್ದೇನಲ್ಲ” ಎಂದರು. ನೋಡಿದರೆ ಎರಡು ಉದ್ದನೆಯ ಸಂದೇಶಗಳ ನಡುವೆ ಫೋಟೊ ಇದ್ದೇ ಇತ್ತು. ಕೈಯಲ್ಲಿ ಬರೆದ ಹಾಳೆ. ಸಸ್ಯಕೋಶದ ಚಿತ್ರ, ಬಾಣದ ಗುರುತು, ಕೋಶಕೇಂದ್ರ, ರಸದಾನಿ, ಕೋಶಭಿತ್ತಿ, ಮೈಟೊಕಾಂಡ್ರಿಯ ಎಂಬ ನಾಲ್ಕು ಆಯ್ಕೆಗಳು, ಅದೇ ಹಾಳೆಯ ಕೆಳತುದಿಯಲ್ಲಿ ಎರಡನೆಯ ಶೀರ್ಷಿಕೆ. ಪಠ್ಯವನ್ನು ಕಾಪಿ ಮಾಡಿದರೆ ಪಠ್ಯ ಮಾತ್ರ ಬರುತ್ತದೆ. ಫೋಟೊದೊಳಗಿನ ಅಕ್ಷರಗಳು ಅದರೊಂದಿಗೆ ಬರುವುದಿಲ್ಲ. ಶಿಕ್ಷಕಿಯ ಕಡೆಯಿಂದ ಏನೂ ತಪ್ಪಿರಲಿಲ್ಲ. ಅವರು ಎಲ್ಲವನ್ನೂ ಕಳಿಸಿದ್ದರು, ನಮ್ಮ ಕಂಪ್ಯೂಟರಿಗೆ ಎಲ್ಲವೂ ಬಂದಿರಲಿಲ್ಲ.

ಈ ಪತ್ರಿಕೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಬಿಟ್ಟುಹೋದ ಸಂಖ್ಯೆ ತೋರಿಸಿದ್ದಕ್ಕಿಂತ ನಿಜವಾದ ನಷ್ಟ ದೊಡ್ಡದಾಗಿತ್ತು ಎಂಬುದು. ಒಂದು ಸಂಖ್ಯೆ ಕಾಣೆಯಾಗಿದೆ ಎಂದರೆ ಒಂದು ಪ್ರಶ್ನೆಯಷ್ಟೇ ಹೋಗಿದೆ ಎಂದು ಭಾವಿಸಬಾರದು. ಸಂಖ್ಯೆ ಇರುವ ಸಾಲುಗಳು ಮಾತ್ರ ಹೋದ ಸುಳಿವನ್ನು ಕೊಡುತ್ತವೆ. ಸೂಚನೆ, ‘ಯಾವುದಾದರೂ ಎರಡಕ್ಕೆ ಉತ್ತರಿಸಿ’ ಎಂಬಂಥ ಸಾಲುಗಳಿಗೆ ಸಂಖ್ಯೆ ಇರುವುದಿಲ್ಲ, ಅವು ಸುಳಿವೇ ಇಲ್ಲದೆ ಹೋಗುತ್ತವೆ. ಆದ್ದರಿಂದ ಸಂಖ್ಯೆ ಜಿಗಿದ ಕಡೆ ಮೇಲಿನದನ್ನೂ ಕೆಳಗಿನದನ್ನೂ ಪೂರ್ತಿ ಓದಬೇಕು. ಮೂರನೆಯ ಪ್ರಶ್ನೆಯ ಕೊನೆಯ ಆಯ್ಕೆ ಇದೆಯೇ? ಐದನೆಯದರ ಮೊದಲ ಪದ ಇದೆಯೇ? ಎಷ್ಟೋ ಸಲ ಹಿಂದಿನ ಪ್ರಶ್ನೆಯ ಬಾಲವೂ ಕತ್ತರಿಸಿಹೋಗಿರುತ್ತದೆ.

ಹಾಗೆಂದು ಸಂಖ್ಯೆ ಕಾಣದ ಕೂಡಲೇ ಕಳೆದುಹೋಯಿತು ಎಂದೂ ತೀರ್ಮಾನಿಸಬಾರದು. ಎರಡು ಅಂಕಣದ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಎಡಬಲದ ಪ್ರಶ್ನೆಗಳು ಬೆರೆತು, 4ನೆಯದು ಎಲ್ಲೋ 11ರ ಕೆಳಗೆ ಹೋಗಿ ಬಿದ್ದಿರಬಹುದು. ಮೊದಲು ಇಡೀ ಕಡತದಲ್ಲಿ ಹುಡುಕಬೇಕು. ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲೊಂದು ಎಚ್ಚರ ವಹಿಸಬೇಕು. ‘4’ ಎಂದು ಹುಡುಕಿದರೆ ಕನ್ನಡ ಅಂಕಿಯ ‘೪’ ಸಿಗದೇ ಇರಬಹುದು. ಕೆಲವರು ಒಂದೇ ಪತ್ರಿಕೆಯಲ್ಲಿ ಎರಡನ್ನೂ ಬಳಸುತ್ತಾರೆ. ಹುಡುಕಾಟದಲ್ಲಿ ಸಿಗಲಿಲ್ಲ ಎಂದು ಬಿಡದೆ ಕಣ್ಣಿನಿಂದಲೂ ಒಮ್ಮೆ ಜಾಲಾಡಬೇಕು.

ಬರೆದವರೇ ಎಣಿಕೆ ತಪ್ಪಿ ಮೂರರ ನಂತರ ಐದು ಹಾಕಿರುವುದೂ ಉಂಟು. ಅದನ್ನು ಅಂಕಗಳ ಲೆಕ್ಕ ಹೇಳಿಬಿಡುತ್ತದೆ. ಶೀರ್ಷಿಕೆಯಲ್ಲಿ ಹೇಳಿದಷ್ಟು ಪ್ರಶ್ನೆಗಳು ಕೆಳಗೆ ಇದ್ದು, ಒಟ್ಟು ಅಂಕವೂ ಹೊಂದಿದರೆ ಅದು ಹೆಚ್ಚಾಗಿ ಎಣಿಕೆಯ ತಪ್ಪೇ. ಆಗಲೂ ಕಳಿಸಿದವರನ್ನು ಕೇಳಿಯೇ ಸಂಖ್ಯೆ ಬದಲಿಸಬೇಕು. ಉತ್ತರಸೂಚಿಯನ್ನು ಅವರು ಹಳೆಯ ಸಂಖ್ಯೆಗಳ ಪ್ರಕಾರ ಬರೆದಿಟ್ಟಿರುತ್ತಾರೆ.

ಮೂಲದಲ್ಲೇ ಸಂಖ್ಯೆ ಬಿಟ್ಟಿರುವುದೂ ಇದೆ. ನಮ್ಮ ಊರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಗೊತ್ತಿರುತ್ತದೆ. ಸಂವಿಧಾನದ 19(1)ನೇ ವಿಧಿಯ ಉಪಖಂಡಗಳಲ್ಲಿ ‘ಇ’ ಆದ ಮೇಲೆ ‘ಜಿ’ ಬರುತ್ತದೆ. ನಡುವಿನ ‘ಎಫ್’ ಆಸ್ತಿಯ ಹಕ್ಕಿಗೆ ಸೇರಿದ್ದು. 1978ರ 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ, 300ಎ ವಿಧಿಯಲ್ಲಿದೆ. ಗಮನಿಸಿ, ‘ಎಫ್’ ಹೋದರೂ ‘ಜಿ’ಯನ್ನು ಮೇಲಕ್ಕೆ ಏರಿಸಲಿಲ್ಲ. ವೃತ್ತಿ, ವ್ಯಾಪಾರದ ಸ್ವಾತಂತ್ರ್ಯ ಇಂದಿಗೂ 19(1)(ಜಿ)ಯೇ. ಅದನ್ನು ಏರಿಸಿದ್ದರೆ ಅಲ್ಲಿಯವರೆಗಿನ ತೀರ್ಪುಗಳಲ್ಲಿ ‘ಜಿ’ ಎಂದು ಬರೆದಿದ್ದೆಲ್ಲ ಗೊಂದಲಕ್ಕೆ ಬೀಳುತ್ತಿತ್ತು. ನೋಟ್ಸ್ ಟೈಪ್ ಮಾಡುವವರು ಅದನ್ನು ‘ಸರಿಪಡಿಸಿ’ ಎ, ಬಿ, ಸಿ, ಡಿ, ಇ, ಎಫ್ ಎಂದು ಜೋಡಿಸಿದರೆ ಓದುವ ಹುಡುಗ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆಯುತ್ತಾನೆ. ಇಲ್ಲಿ ಖಾಲಿ ಜಾಗವೇ ಸರಿಯಾದ ಪಾಠ. ಅದನ್ನು ತಿಳಿಯಬೇಕಾದರೆ ಮೂಲವನ್ನೇ ತೆರೆದು ನೋಡಬೇಕು, ಊಹೆಯಿಂದ ಆಗುವುದಿಲ್ಲ.

ಈಗ ನನಗೆ ತುಂಬ ಕಳವಳ ತರುವ ಸಂಗತಿ. ಇಷ್ಟು ಹೊತ್ತು ಹೇಳಿದ ಸುಳಿವು ಸಿಗುವುದು ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಿದ್ದಾಗ ಮಾತ್ರ. ವರ್ಡ್‌ನಲ್ಲಿ ತಾನಾಗಿಯೇ ಬೀಳುವ ಕ್ರಮಸಂಖ್ಯೆ ಹಾಕಿದ್ದರೆ, ನಾಲ್ಕನೆಯ ಪ್ರಶ್ನೆಯನ್ನು ಅಳಿಸಿದ ಕ್ಷಣದಲ್ಲೇ ಐದನೆಯದು ನಾಲ್ಕಾಗುತ್ತದೆ. ಅಳಿಸಿದ ಗುರುತೇ ಉಳಿಯುವುದಿಲ್ಲ. ಹೊರಗಿನಿಂದ ತಂದ ಪಠ್ಯವನ್ನು ಅಂಟಿಸಿದ ಮೇಲೆ ಸಾಲುಗಳನ್ನೆಲ್ಲ ಆಯ್ದು ಕ್ರಮಸಂಖ್ಯೆಯ ಗುಂಡಿ ಒತ್ತಿದರೂ ಹೀಗೆಯೇ. 3, 5 ಎಂದಿದ್ದದ್ದು ಕಣ್ಣೆದುರಿಗೇ 3, 4 ಆಗಬಹುದು, ಯಾರೂ ತಿದ್ದದಿದ್ದರೂ. ನಮ್ಮ ಅಂಗಡಿಯಲ್ಲಿ ಅದಕ್ಕಾಗಿಯೇ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಬಂದ ಪಠ್ಯವನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ಅಂಟಿಸುತ್ತೇವೆ. ಅಲ್ಲಿ ಸಂಖ್ಯೆ ಬಂದದ್ದು ಬಂದ ಹಾಗೆ ನಿಲ್ಲುತ್ತದೆ. ಒಂದರಿಂದ ಕೊನೆಯವರೆಗೆ ಬೆರಳಿಟ್ಟು ಎಣಿಸಿ, ಶೀರ್ಷಿಕೆಗಳ ಅಂಕ ಕೂಡಿಸಿ, ಎರಡೂ ಹೊಂದಿದ ಮೇಲಷ್ಟೇ ವರ್ಡ್‌ಗೆ ಒಯ್ಯುತ್ತೇವೆ. ಆ ನೋಟ್‌ಪ್ಯಾಡ್ ಕಡತವನ್ನು ಪತ್ರಿಕೆ ಅಚ್ಚಾಗುವವರೆಗೂ ಅಳಿಸುವುದಿಲ್ಲ.

ಜಿಗಿದ ಸಂಖ್ಯೆಯಿಂದ ಎಂದೂ ಗೊತ್ತಾಗದ ನಷ್ಟವೂ ಒಂದಿದೆ. ಕೊನೆಯ ಪ್ರಶ್ನೆಗಳು ಬಿದ್ದುಹೋದರೆ ನಡುವೆ ಎಲ್ಲೂ ಖಾಲಿ ಜಾಗ ಕಾಣುವುದಿಲ್ಲ. ಮೇಲಿನ ಪತ್ರಿಕೆಯೇ 13ಕ್ಕೆ ನಿಂತುಹೋಗಿದ್ದರೆ ಆ ನಷ್ಟದಿಂದ ಸಂಖ್ಯೆಗಳ ಸಾಲು ಎಲ್ಲೂ ಮುರಿಯುತ್ತಿರಲಿಲ್ಲ. ‘3×3=9’ ಎಂಬ ಶೀರ್ಷಿಕೆಯ ಕೆಳಗೆ ಒಂದೇ ಪ್ರಶ್ನೆ ಇರುವುದನ್ನು ಯಾರಾದರೂ ಎಣಿಸಿದ್ದರೆ ಮಾತ್ರ ಗೊತ್ತಾಗುತ್ತಿತ್ತು. ನಾಲ್ಕನೆಯ ವಿಭಾಗ ಪೂರ್ತಿಯಾಗಿ ಹೋಗಿದ್ದರೆ ಆ ಶೀರ್ಷಿಕೆಯೂ ಇರುತ್ತಿರಲಿಲ್ಲ, ನೆತ್ತಿಯ ಮೇಲಿನ 25 ಒಂದೇ ಆಧಾರ.

ಆದ್ದರಿಂದ ಶಿಕ್ಷಕರಲ್ಲಿ ನನ್ನ ವಿನಂತಿ: ಪತ್ರಿಕೆ ಕಳಿಸುವಾಗ ಮೊದಲ ಸಾಲಿನಲ್ಲೇ ‘ಒಟ್ಟು ಪ್ರಶ್ನೆ 15, ಒಟ್ಟು ಅಂಕ 25’ ಎಂದು ಬರೆಯಿರಿ. ಕೊನೆಯ ಪ್ರಶ್ನೆಯ ಕೆಳಗೆ ‘ಮುಗಿಯಿತು’ ಎಂದು ಹಾಕಿ. ನಡುವೆ ಫೋಟೊ ಇದ್ದರೆ, ಪಠ್ಯದಲ್ಲಿ ಆ ಜಾಗದಲ್ಲೇ ‘4. ಫೋಟೊದಲ್ಲಿದೆ, ಎರಡನೆಯ ಶೀರ್ಷಿಕೆಯೂ ಅದರಲ್ಲೇ ಇದೆ’ ಎಂದು ಟೈಪ್ ಮಾಡಿ. ಆ ಒಂದು ಸಾಲು ಇದ್ದರೆ, ಶಾಲೆಯ ಹೊತ್ತಿನಲ್ಲಿ ಪಾಠ ಮಾಡುತ್ತಿರುವ ನಿಮ್ಮನ್ನು ನಾವು ಫೋನ್ ಮಾಡಿ ಕರೆಯಬೇಕಾಗುವುದಿಲ್ಲ.